ನಳಿನಿಯ ಳಕಾರ

ಮನೋರಮಾಳಿಗೆ ಳಕಾರ ಹುಟ್ಟುತ್ತಲೇ ಬಂದದ್ದಲ್ಲ. ಕಡಿಯಾಳಿಯ ಅವಳ ತವರುಮನೆಯಲ್ಲಿ ಮಾತೆಲ್ಲ ತುಳು. ಅದೂ ಪೇಟೆಯಲ್ಲಿ ಗದ್ದೆಯಲ್ಲಿ ಎಲ್ಲರೂ ಆಡುವ ತುಳು. ಅದಕ್ಕೆ ಲ ಒಂದಿದ್ದರೆ ಸಾಕು, ಳ ಬೇಕೇಬೇಕೆಂದಿಲ್ಲ. ಶಾಲೆಗೆ ಸೇರಿದ ಹೊಸತರಲ್ಲಿ ಅವಳು ತನ್ನ ಊರನ್ನೇ ಕಡಿಯಾಲಿ ಎನ್ನುತ್ತಿದ್ದಳು. ಒಮ್ಮೆ ಮೇಷ್ಟ್ರಿಗೆ "ಹೇಳಿ ಸರ್" ಎನ್ನಲು ಹೋಗಿ "ಹೇಲಿ ಸರ್" ಎಂದಳು. ತರಗತಿಗೆ ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗೆ ಅವಳಿಗೆ ಚುಚ್ಚಿದ್ದು ಎಷ್ಟೆಂದರೆ, ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು, ನಾಲಿಗೆಯ ತುದಿಯನ್ನು ಮೇಲಕ್ಕೆ ಹಿಂದಕ್ಕೆ ಮಡಚಿ, ಅಂಗುಳಿಗೆ ಒತ್ತಿ ಹಿಡಿದು, ಉಸಿರನ್ನು ಎರಡೂ ಪಕ್ಕದಿಂದ ಬಿಟ್ಟು ಬಿಟ್ಟು ಅವಳು ಆ ಅಕ್ಷರವನ್ನು ಸಾಧಿಸಿದಳು. ಆಮೇಲೆ ಕನ್ನಡದಲ್ಲೇ ಎಂ.ಎ. ಮಾಡಿ, ಉಡುಪಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದಳು. ಅವಳ ತರಗತಿಯಲ್ಲಿ ಲ ಎಂದವರನ್ನು ನೋಡಿ ಯಾರೂ ನಗುವಂತಿರಲಿಲ್ಲ. ಆದರೆ ಲ ಎಂದವರು ಳ ಎನ್ನುವ ತನಕ ಕೂತುಕೊಳ್ಳುವಂತೆಯೂ ಇರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಮಾತು. ಹತ್ತನೇ ತರಗತಿಗೆ ಹಳಗನ್ನಡದ ಪಾಠ ಮಾಡುವಾಗ ಅವಳು ಕಪ್ಪುಹಲಗೆಯ ಮೇಲೆ ಒಂದು ಅಕ್ಷರ ಬರೆದಳು: ೞ.

"ಇದು ಎಂತ ಟೀಚರ್, ಳ ತಪ್ಪಿ ಬರೆದದ್ದಾ?" ಎಂದು ಒಬ್ಬಳು ಕೇಳಿದಳು.

"ತಪ್ಪಲ್ಲ. ಇದು ಸತ್ತುಹೋದ ಅಕ್ಷರ. ನಾವು ಈಗ ಮಳೆ ಅಂತೇವೆ. ಸಾವಿರ ವರ್ಷದ ಹಿಂದಿನವರು ಮೞೆ ಅಂತಿದ್ದರು. ಬಾಳೆ ಬಾೞೆ ಆಗಿತ್ತು, ಕೋಳಿ ಕೋೞಿ. ಆದರೆ ಮಗಳು, ಕೇಳು, ಒಳಗೆ ಎಂಬ ಶಬ್ದಗಳಲ್ಲಿ ಆಗಲೂ ಳವೇ ಇದ್ದದ್ದು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಕೇಳಿದವರಿಗೆ ಎರಡೂ ಬೇರೆ ಬೇರೆ ಗೊತ್ತಾಗುತ್ತಿತ್ತು. ಪದ್ಯದಲ್ಲಿ ಒಂದಕ್ಕೊಂದು ಪ್ರಾಸ ಇಟ್ಟರೆ ಕವಿಗೆ ಅಪಮಾನ."

"ಮತ್ತೆ ಯಾಕೆ ಹೋಯಿತು?"

"ಎರಡೂ ತೀರಾ ಹತ್ತಿರದ ಮನೆಯವು ಮಾರಾಯ್ತಿ, ನಡುವೆ ಬೇಲಿ ಇರಲಿಲ್ಲ. ಇನ್ನೊಂದು ವ್ಯಂಜನದ ಮುಂದೆ ಬಂದಾಗ ೞ ಮೊದಲು ರ ಆಯಿತು, ಮತ್ತೆ ಅದೂ ಮುಂದಿನ ಅಕ್ಷರದಲ್ಲಿ ಕರಗಿತು. ಕೞ್ತಲೆ, ಕರ್ತಲೆ, ಈಗ ಕತ್ತಲೆ. ಬಿೞ್ದು, ಬಿರ್ದು, ಈಗ ಬಿದ್ದು. ಬೀಳು ಎಂಬುದು ಬಿದ್ದ ಆಗುವುದು ಯಾಕೆ, ಏಳು ಎಂಬುದು ಎದ್ದ ಆಗುವುದು ಯಾಕೆ ಎಂದರೆ ಇದೇ ಕಾರಣ. ಉಳಿದ ಕಡೆ ೞ ಹೋಗಿ ಳದ ಮನೆ ಸೇರಿತು. ಹಾಗೆಯೇ ಱ ಅಂತ ಒಂದು ಗಡುಸು ರ ಇತ್ತು, ಅದು ರಕಾರದಲ್ಲಿ ಸೇರಿತು. ಶಾಸನ ಕೆತ್ತುವವರೇ ಒಂದರ ಬದಲು ಇನ್ನೊಂದು ಕೆತ್ತತೊಡಗಿದರು. ಕಡೆಗೆ ಯಾವ ಶಬ್ದಕ್ಕೆ ಯಾವುದು ಎಂದು ವ್ಯಾಕರಣದವರು ಪಟ್ಟಿ ಮಾಡಿ ಹೇಳಬೇಕಾಯಿತು. ಕಿವಿಗೆ ಗೊತ್ತಿದ್ದರೆ ಪಟ್ಟಿ ಯಾಕೆ?"

"ತುಳುವಿನಲ್ಲಿ ಕೋಳಿಗೆ ಕೋರಿ ಅಂತೇವಲ್ಲ ಟೀಚರ್?"

ಮನೋರಮಾಳಿಗೆ ಖುಷಿಯಾಯಿತು. "ಹೌದು! ಅದೇ ೞ. ಕನ್ನಡದವರ ಬಾಯಲ್ಲಿ ಅದು ಳ ಕಡೆ ವಾಲಿತು, ನಮ್ಮ ತುಳುವಿನಲ್ಲಿ ರ ಕಡೆ ವಾಲಿತು. ನಡುವೆ ಇದ್ದದ್ದು ಎರಡೂ ಅಲ್ಲ, ಎರಡರ ಹಾಗೂ ಕೇಳುವಂಥದ್ದು."

"ಹಾಗಾದರೆ ಒಮ್ಮೆ ಹೇಳಿ ತೋರಿಸಿ ಟೀಚರ್."

ಮನೋರಮಾ ನಾಲಿಗೆ ಮೇಲೆತ್ತಿ ನೋಡಿದಳು. ಓದಿ ತಿಳಿದದ್ದು ಬೇರೆ, ಬಾಯಿಗೆ ಬರುವುದು ಬೇರೆ. ಎಷ್ಟು ಸಲ ಪ್ರಯತ್ನಿಸಿದರೂ ಅವಳ ನಾಲಿಗೆ ಅಂಗುಳಿಗೆ ಹೋಗಿ ತಾಗಿಬಿಡುತ್ತಿತ್ತು. ಕಷ್ಟಪಟ್ಟು ಕಲಿಸಿದ ನಾಲಿಗೆ ಅದು, ತಾಗದೆ ಇರುವುದನ್ನು ಮರೆತಿತ್ತು.

ಆಗ ಕೊನೆಯ ಬೆಂಚಿನಿಂದ ಕಾಪುವಿನ ಜಮೀಲಾ ಎದ್ದು, "ನಮ್ಮ ಅಜ್ಜಿ ಹಾಗೆ ಎಂತದೋ ಹೇಳ್ತಾರೆ ಟೀಚರ್. ಅವರು ಕಾಸರಗೋಡಿನಿಂದ ಆಚೆ, ಮಲಯಾಳದ ಕಡೆಯವರು" ಎಂದಳು.

ಆ ಶನಿವಾರ ಮಧ್ಯಾಹ್ನ ಮನೋರಮಾ ಕಾಪುವಿಗೆ ಹೋದಳು. ಜಮೀಲಾಳ ಮನೆ ಪೇಟೆಯ ಹಿಂದೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಅಜ್ಜಿ ಖದೀಜಮ್ಮ ಚಾಪೆಯ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಟೀಚರು ಒಂದು ಅಕ್ಷರ ಕೇಳಲು ಉಡುಪಿಯಿಂದ ಬಂದಿದ್ದಾರೆಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಆದರೂ ಹೇಳಿದರು. ಮಳೆಯನ್ನು ತಮ್ಮೂರಿನಲ್ಲಿ ಹೇಗೆ ಹೇಳುತ್ತಾರೆ, ಹೊಳೆಯನ್ನು ಹೇಗೆ ಹೇಳುತ್ತಾರೆ ಎಂದು ನಿಧಾನವಾಗಿ ಮತ್ತೆ ಮತ್ತೆ ಹೇಳಿದರು. ಮನೋರಮಾ ನಾಚಿಕೆ ಬಿಟ್ಟು ಅವರ ಬಾಯಿಯೊಳಗೆ ಬಗ್ಗಿ ನೋಡಿದಳು. ನಾಲಿಗೆಯ ತುದಿ ಳಕಾರಕ್ಕೆ ಎಲ್ಲಿಗೆ ಹೋಗುವುದೋ ಅಲ್ಲಿಗೇ ಮಡಚಿಕೊಂಡು ಏಳುತ್ತಿತ್ತು. ಆದರೆ ತಾಗುತ್ತಿರಲಿಲ್ಲ. ಕೂದಲೆಳೆಯ ಸಂದು ಬಿಟ್ಟು ನಿಲ್ಲುತ್ತಿತ್ತು. ಪಕ್ಕಗಳಿಂದ ಹೋಗಬೇಕಾದ ಉಸಿರು ಆ ಸಂದಿನಿಂದಲೇ ನೇರವಾಗಿ ಹರಿಯುತ್ತಿತ್ತು. ಸತ್ತಿದೆ ಎಂದುಕೊಂಡ ಅಕ್ಷರ ವೀಳ್ಯದ ಕೆಂಪು ಬಾಯಿಯಲ್ಲಿ ಸುಖವಾಗಿ ಕೂತಿತ್ತು.

"ನಿಮ್ಮ ಮಕ್ಕಳಿಗೆ ಬರುತ್ತದಾ ಇದು?" ಮನೋರಮಾ ಕೇಳಿದಳು. ಜಮೀಲಾ ಅದನ್ನು ತಮ್ಮ ಮನೆಮಾತು ಬ್ಯಾರಿಯಲ್ಲಿ ಅಜ್ಜಿಗೆ ದಾಟಿಸಿದಳು.

ಖದೀಜಮ್ಮ ತಲೆಯಾಡಿಸಿದರು. ಅವರು ಹೇಳಿದ್ದನ್ನು ಜಮೀಲಾ ಕನ್ನಡಕ್ಕೆ ತಂದಳು. "ಇಲ್ಲವಂತೆ. ಮಕ್ಕಳು ಮನೆಯಲ್ಲಿ ಒಬ್ಬರ ಬಾಯಲ್ಲಿ ಕೇಳಿದ್ದು, ಬೀದಿಯಲ್ಲಿ ಊರವರೆಲ್ಲರ ಬಾಯಲ್ಲಿ ಕೇಳಿದ್ದು. ಬೀದಿಯದ್ದೇ ಗೆದ್ದಿತಂತೆ. ಅವರು ಹೇಳಿದರೆ ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗ್ತಿರಲಿಲ್ಲವಂತೆ."

ಸೋಮವಾರ ಮನೋರಮಾ ತರಗತಿಯಲ್ಲಿ ಇದನ್ನೆಲ್ಲ ವರ್ಣಿಸಿ ಹೇಳಿದಳು. "ಮಗು ಕೇಳದ್ದನ್ನು ಆಡುವುದಿಲ್ಲ. ಒಂದು ತಲೆಮಾರು ಎರಡು ಅಕ್ಷರವನ್ನು ಒಂದೇ ಮಾಡಿ ಆಡಿದರೆ ಮುಂದಿನ ತಲೆಮಾರಿನ ಕಿವಿಗೆ ಎರಡು ಇತ್ತು ಎಂಬುದೇ ಗೊತ್ತಾಗುವುದಿಲ್ಲ" ಎಂದಳು. ಮನೆಗೆ ಹೋಗಿ ಗಂಡ ಸುಂದರನಿಗೂ ಅದನ್ನೇ ಹೇಳಿದಳು. ಸುಂದರ ಬ್ಯಾಂಕಿನಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ. ಹೆಂಡತಿ ಅಕ್ಷರದ ಹಿಂದೆ ಬೀಳುವುದನ್ನು ಕಂಡು ಅವನಿಗೆ ಒಳಗೊಳಗೇ ಹೆಮ್ಮೆ.

ಮರುವರ್ಷ ಅವರಿಗೆ ಹೆಣ್ಣುಮಗು ಹುಟ್ಟಿತು. ಮನೋರಮಾ ನಳಿನಿ ಎಂದು ಹೆಸರಿಟ್ಟಳು. "ಸಂಸ್ಕೃತದಲ್ಲಿ ಅದು ಲ. ನಮ್ಮ ಕನ್ನಡದವರು ಪ್ರೀತಿಯಿಂದ ಳ ಮಾಡಿಕೊಂಡರು" ಎಂದು ನಾಮಕರಣಕ್ಕೆ ಬಂದವರಿಗೆಲ್ಲ ಹೇಳಿದಳು. ಸುಂದರ ಮಗಳೊಡನೆ ತುಳು ಆಡಿದರೆ ಇವಳು ಮೊದಲ ದಿನದಿಂದಲೇ ಕನ್ನಡ. ಎಣ್ಣೆ ಹಚ್ಚುತ್ತ, ನೀರು ಹೊಯ್ಯುತ್ತ, ತೊಟ್ಟಿಲು ತೂಗುತ್ತ, ಮಗಳೇ ಮಗಳೇ ಎಂದು ಮಾತಾಡಿದ್ದೇ ಮಾತಾಡಿದ್ದು. ತಾನು ಬಾವಿಕಟ್ಟೆಯಲ್ಲಿ ಬೆವರು ಹರಿಸಿ ಗಳಿಸಿದ ಅಕ್ಷರ ಮಗಳಿಗೆ ಹಾಲಿನ ಜೊತೆಗೇ ಬರಲಿ ಎಂಬುದು ಅವಳ ಆಸೆ.

ನಳಿನಿಗೆ ಎರಡು ವರ್ಷ ದಾಟಿದ ಮೇಲೆ, ಮನೋರಮಾಳ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಒಡೆದ ಹಲ್ಲೊಂದು ಬಹಳ ಕಾಲದಿಂದ ಅಲ್ಲಿ ಉಜ್ಜುತ್ತಿತ್ತು. ಪಾಠ ಮಾಡುವವರಿಗೆ ಬಾಯಿಹುಣ್ಣು ಇದ್ದದ್ದೇ ಎಂದು ಮಜ್ಜಿಗೆ ಕುಡಿದಳು, ತುಪ್ಪ ಹಚ್ಚಿದಳು. ಅದು ಮಾಯಲಿಲ್ಲ, ಗಟ್ಟಿಯಾಯಿತು. ಮಣಿಪಾಲದ ಆಸ್ಪತ್ರೆಗೆ ಹೋದಾಗ ಡಾಕ್ಟರು ಸುಂದರನನ್ನು ಹೊರಗೆ ಕರೆದು ಮಾತಾಡಿದರು. ಸುಂದರ ಒಳಗೆ ಬಂದಾಗ ಅವನ ಮುಖ ನೋಡಿಯೇ ಮನೋರಮಾಳಿಗೆ ಗೊತ್ತಾಯಿತು.

"ನಾಲಿಗೆ ಎಷ್ಟು ತೆಗೀತಾರೆ?" ಎಂದಷ್ಟೇ ಕೇಳಿದಳು.

ತುದಿಯನ್ನೂ ಎಡದ ಅಂಚನ್ನೂ ತೆಗೆದರು. ಉಳಿದದ್ದನ್ನು ಹೊಲಿದರು. ಜೀವ ಉಳಿಯಿತು, ಊರೆಲ್ಲ ದೇವರಿಗೆ ಹರಕೆ ಒಪ್ಪಿಸಿತು. ಗಾಯ ಮಾಗಿದ ಮೇಲೆ ಮಾತು ಕಲಿಸಲು ವೆರೊನಿಕಾ ಎಂಬ ಹುಡುಗಿ ಬಂದಳು. ಆಸ್ಪತ್ರೆಯಲ್ಲಿ ಅವಳ ಕೆಲಸವೇ ಅದು, ಮಾತು ಕಳೆದುಕೊಂಡವರಿಗೆ ಮಾತು ಹಿಂದಕ್ಕೆ ತರುವುದು. ಪ ಬ ಮ ಸರಿಯಾಗಿಯೇ ಇದ್ದವು, ಅವು ತುಟಿಯ ಅಕ್ಷರಗಳು. ಕ ಗ ಗಂಟಲ ಬುಡದವು, ಅವಕ್ಕೂ ತೊಂದರೆಯಿಲ್ಲ. ತ ದ ನ ಹಲ್ಲಿಗೆ ಒತ್ತಿ ಹೇಗೋ ಹೊರಟವು. ಟ ಡ ಮೊಂಡಾಗಿ ಬಂದವು, ಆದರೂ ಬಂದವು.

ವೆರೊನಿಕಾ ಕನ್ನಡಿ ಹಿಡಿದು, "ಈಗ ಳ ಹೇಳಿ ಮೇಡಂ" ಎಂದಳು.

ಮನೋರಮಾ ಉಳಿದ ನಾಲಿಗೆಯನ್ನು ಮೇಲೆತ್ತಿದಳು. ಅದು ಅಂಗುಳಿನ ಕಡೆ ಏಳುವಷ್ಟು ಎದ್ದಿತು. ತಾಗಲಿಲ್ಲ. ಮೊಂಡು ತುದಿ ಸಂದು ಬಿಟ್ಟು ನಿಂತಿತು, ಉಸಿರು ಆ ಸಂದಿನಿಂದ ನೇರವಾಗಿ ಹರಿಯಿತು. ಬಾಯಿಂದ ಹೊರಟ ಸದ್ದು ಕೇಳಿ ಅವಳೇ ಬೆಚ್ಚಿದಳು.

ೞ. ಏನೂ ಸಂಶಯವಿರಲಿಲ್ಲ. ಎಷ್ಟು ಬೇಡಿದರೂ ಬಾರದೆ ಇದ್ದದ್ದು, ಕತ್ತರಿಸಿದ ಮೇಲೆ ತಾನಾಗಿ ಬಂದು ಕೂತಿತ್ತು. ಅದೂ ಎಲ್ಲ ಕಡೆ. ಮಳೆ ಮೞೆಯಾಯಿತು, ಅದು ಹಳೆಯವರಿಗೂ ಒಪ್ಪಿಗೆ. ಆದರೆ ಯಾವ ಕಾಲದಲ್ಲೂ ೞ ಇರದಿದ್ದ ಮಗಳೂ ಮಗೞು ಆದಳು, ಕೇಳು ಕೇೞು ಆಯಿತು. ಕನ್ನಡದಲ್ಲಿ ೞ ಹೋಗಿ ಳಕಾರದಲ್ಲಿ ಮುಳುಗಿತ್ತು. ಇವಳ ಬಾಯಲ್ಲಿ ಳ ಹೋಗಿ ೞಕಾರದಲ್ಲಿ ಮುಳುಗಿತು. ನಗಬೇಕೆನಿಸಿತು. ನಗಲು ಹೋದದ್ದು ಅಳುವಾಯಿತು. ವೆರೊನಿಕಾ ನೋವಾಯಿತೇನೋ ಎಂದು ಹೆದರಿ ನೀರು ತಂದುಕೊಟ್ಟಳು.

ಶಾಲೆಯವರು ಅವಳನ್ನು ಬಿಡಲಿಲ್ಲ. ಲೈಬ್ರರಿಯ ಕೆಲಸಕ್ಕೆ ಹಾಕಿದರು. ಮನೆಯಲ್ಲಿ ಮಾತಿಗೆ ತೊಂದರೆಯಾಗಲಿಲ್ಲ. ಅಕ್ಕಪಕ್ಕದ ಮಾತಿನಿಂದ ಅರ್ಥ ಊಹಿಸಿಕೊಳ್ಳುವುದು ಎಷ್ಟು ಸುಲಭ! "ಬಾೞೆಹಣ್ಣು ತನ್ನಿ" ಎಂದರೆ ಸುಂದರ ಬಾಳೆಹಣ್ಣನ್ನೇ ತರುತ್ತಿದ್ದ. ಮನೋರಮಾಳಿಗೆ ಆಗ ಹೊಳೆಯಿತು, ಸಾವಿರ ವರ್ಷದ ಹಿಂದೆ ಅಕ್ಷರ ಹೋದದ್ದೂ ಹೀಗೆಯೇ ಎಂದು. ಕಳೆದುಹೋದದ್ದರಿಂದ ಯಾರ ಸಂಸಾರವೂ ನಿಲ್ಲಲಿಲ್ಲ. ಎರಡೂ ಬಾಳು ಒಂದೇ ಸದ್ದಾದರೂ, ಬದುಕು ಎಲ್ಲಿ ಕತ್ತಿ ಎಲ್ಲಿ ಎಂಬುದು ಮಾತಿನ ಓಟದಲ್ಲೇ ತಿಳಿಯುತ್ತಿತ್ತು.

ಎಲ್ಲರಿಗಿಂತ ಚೆನ್ನಾಗಿ ಅವಳ ಮಾತು ತಿಳಿಯುತ್ತಿದ್ದುದು ನಳಿನಿಗೆ. ಬೇರೆಯವರು "ಎಂತ? ಎಂತ?" ಎಂದು ಎರಡು ಸಲ ಕೇಳಿದರೆ ಮಗು ಒಂದೇ ಸಲಕ್ಕೆ ಓಡಿಹೋಗಿ ಹೇಳಿದ್ದನ್ನು ತರುತ್ತಿತ್ತು. ಮಾತು ಕೂಡುವ ವಯಸ್ಸು ಅದು. ಒಂದು ಸಂಜೆ ಅಂಗಳದಲ್ಲಿ ಹನಿ ಬಿದ್ದಾಗ ನಳಿನಿ ಕೈಚಾಚಿ ಕುಣಿದು ಕೂಗಿದಳು: "ಅಮ್ಮಾ, ಮೞೆ! ಮೞೆ!"

ಸ್ಪಷ್ಟವಾದ, ದುಂಡಗಿನ, ಖದೀಜಮ್ಮನ ಬಾಯಲ್ಲಿದ್ದಂಥ ೞ. ಮನೋರಮಾಳ ಎದೆ ಒಂದು ಕ್ಷಣ ಹಿಗ್ಗಿತು. ಮರುಕ್ಷಣ, ಮಗು ಇದನ್ನು ಕಲಿತದ್ದು ತನ್ನ ಬಾಯಿಂದ ಎಂದು ಹೊಳೆದು ತಣ್ಣಗಾಯಿತು.

ಬಾಲವಾಡಿಗೆ ಹೋದ ಮೇಲೆ ಮಕ್ಕಳು ಶುರುಮಾಡಿದವು. ನಳಿನಿ ತನ್ನ ಹೆಸರು ಹೇಳಿದರೆ "ನರಿನಿ, ನರಿ, ನರಿ" ಎಂದು ಸುತ್ತ ಕುಣಿದವು. ಳ ಅಲ್ಲದ್ದು ಆ ಕಿವಿಗಳಿಗೆ ರ ಆಗಿಯೇ ಕೇಳಿಸಿತು. ಮಗು ಅಳುತ್ತ ಮನೆಗೆ ಬಂದು, "ನಾನು ನರಿಯಾ ಅಮ್ಮ?" ಎಂದು ಕೇಳಿದಾಗ ಮನೋರಮಾ ಅದರ ಬಾಯಿಗೆ ತನ್ನ ಬೆರಳಿಟ್ಟು ನಾಲಿಗೆ ತಾಗಬೇಕಾದ ಜಾಗ ತೋರಿಸಿದಳು. ಊರ ಮಕ್ಕಳಿಗೆಲ್ಲ ಕಲಿಸಿದವಳು. ಆದರೆ ಹೇಳಿ ತೋರಿಸದೆ ಕಲಿಸುವುದು ಹೇಗೆ? ಅವಳು "ೞ ಅಲ್ಲ, ೞ" ಎನ್ನುತ್ತಿದ್ದಳು. ಮಗು ಅಮ್ಮನ ಬಾಯಿಯನ್ನೇ ನೋಡಿ, ಅಷ್ಟೇ ಶ್ರದ್ಧೆಯಿಂದ "ೞ" ಎನ್ನುತ್ತಿತ್ತು.

ಸುಂದರ ಇದನ್ನು ಬಾಗಿಲಲ್ಲಿ ನಿಂತು ನೋಡಿದ. ಆ ದಿನ ಊಟ ಮಾಡುವಾಗ ಮೆಲ್ಲಗೆ ಮಾತೆತ್ತಿದ. "ಕಾರ್ಕಳದಲ್ಲಿ ಕುಶಲಕ್ಕ ಇದ್ದಾಳಲ್ವಾ. ಅವಳ ಮಕ್ಕಳ ಕನ್ನಡ ಚೆಂದ ಉಂಟು. ನಳಿನಿಯನ್ನು ಒಂದೆರಡು ವರ್ಷ ಅಲ್ಲಿ ಇಟ್ಟರೆ..."

ಮನೋರಮಾ ಅನ್ನ ಕಲಸುವುದನ್ನು ನಿಲ್ಲಿಸಿದಳು. ಕುಶಲಾ ಸುಂದರನ ಅಕ್ಕ, ಕಾರ್ಕಳದ ಪೇಟೆಯಲ್ಲಿ ಮನೆ, ಪ್ರೀತಿಯ ಹೆಂಗಸು. ತಪ್ಪು ಹೇಳುವಂಥದ್ದು ಏನೂ ಇರಲಿಲ್ಲ.

"ನೀನೇ ಹೇಳಿದ್ದಲ್ವಾ," ಎಂದ ಸುಂದರ. "ಮಗು ಕೇಳದ್ದನ್ನು ಆಡುವುದಿಲ್ಲ ಅಂತ."

ಮಣಿಪಾಲದಲ್ಲಿ ವೆರೊನಿಕಾ ಬೇರೆಯೇ ಹೇಳಿದ್ದಳು. "ಮಕ್ಕಳು ಬೀದಿಯಿಂದಲೂ ಶಾಲೆಯಿಂದಲೂ ಕಲೀತಾರೆ ಮೇಡಂ. ಸ್ವಲ್ಪ ಕಾಲ ಬಿಡಿ, ತಾನಾಗಿ ಸರಿಯಾಗ್ತದೆ. ಅಮ್ಮನಿಂದ ದೂರ ಮಾಡಬೇಡಿ." ಖದೀಜಮ್ಮನ ಮಕ್ಕಳ ಕಥೆಯೂ ಅದನ್ನೇ ಹೇಳುತ್ತಿತ್ತು, ಬೀದಿಯೇ ಗೆಲ್ಲುತ್ತದೆ ಎಂದು. ಮನೋರಮಾಳಿಗೆ ಇದೆಲ್ಲ ಗೊತ್ತಿತ್ತು. ಆದರೆ ಹೇಲಿ ಎಂದಾಗ ನಕ್ಕ ತರಗತಿಯೊಂದು ಅವಳೊಳಗೆ ಇನ್ನೂ ನಗುತ್ತಿತ್ತು. ಮಗಳು ಒಂದು ವರ್ಷವಾದರೂ ಆ ನಗೆಯ ನಡುವೆ ನಿಲ್ಲುವುದು ಅವಳಿಗೆ ಸಹಿಸಲಾಗಲಿಲ್ಲ.

"ಕರೆದುಕೊಂಡು ಹೋಗಿ," ಎಂದಳು.

ಮೊದಮೊದಲು ಪ್ರತಿ ಭಾನುವಾರ ಅವಳು ಕಾರ್ಕಳದ ಬಸ್ಸು ಹತ್ತುತ್ತಿದ್ದಳು. ನಳಿನಿ ಗೇಟಿಗೆ ಓಡಿಬಂದು ಕಾಲು ತಬ್ಬುತ್ತಿದ್ದಳು, ಹೊರಡುವಾಗ ಸೆರಗು ಬಿಡುತ್ತಿರಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಮಗುವಿನ ಬಾಯಲ್ಲಿ ಳ ಕೂತಿತು. "ಅಮ್ಮ ನೋಡು, ನಳಿನಿ! ಬಾಳೆ! ತಾಳ!" ಎಂದು ಅತ್ತೆಯ ಮಕ್ಕಳ ಜೊತೆ ಒದರಿ ತೋರಿಸಿದಾಗ ಮನೋರಮಾ ಅವಳನ್ನು ಎತ್ತಿ ಮುದ್ದಾಡಿದಳು. ಇನ್ನು ಮನೆಗೆ ಕರೆದೊಯ್ಯೋಣ ಎಂದು ಸುಂದರನ ಬಳಿ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮಣಿಪಾಲದವರು ಮತ್ತೊಮ್ಮೆ ಪರೀಕ್ಷಿಸಿ, ಬೇನೆ ಮರುಕಳಿಸದಂತೆ ಕರೆಂಟು, ಅಂದರೆ ವಿಕಿರಣ, ಕೊಡಬೇಕು ಎಂದರು. ತಿಂಗಳುಗಟ್ಟಲೆ ಹೋಗಲಾಗಲಿಲ್ಲ. ಕರೆಂಟಿನ ಬಿಸಿಗೆ ಉಳಿದ ನಾಲಿಗೆ ಬಿಗಿದು ತೊಗಲಿನ ತುಂಡಿನಂತಾಯಿತು. ರ, ಲ, ಳ ಮೂರೂ ಈಗ ಹೆಚ್ಚುಕಡಿಮೆ ಒಂದೇ.

ಮತ್ತೆ ಕಾರ್ಕಳಕ್ಕೆ ಹೋದಾಗ ನಳಿನಿಗೆ ಐದು ತುಂಬಿತ್ತು. ಗೇಟಿನ ತನಕ ಬಂದು ನಿಂತಳು, ನಕ್ಕಳು. ಮನೋರಮಾ ಚಾವಡಿಯಲ್ಲಿ ಕೂರಿಸಿಕೊಂಡು ಕಥೆ ಹೇಳಿದಳು. ಮಗು ಸ್ವಲ್ಪ ಹೊತ್ತು ಅವಳ ತುಟಿಯನ್ನೇ ನೋಡಿತು, ಆಮೇಲೆ ತಿರುಗಿ ಅಡುಗೆಮನೆಯ ಕಡೆ ಕೂಗಿತು: "ಅತ್ತೇ, ಅಮ್ಮ ಎಂತ ಹೇಳ್ತಾರೆ?"

ಹೇಳ್ತಾಳೆ ಅಲ್ಲ, ಹೇಳ್ತಾರೆ. ಮನೋರಮಾ ಅದನ್ನೂ ಕೇಳಿಸಿಕೊಂಡಳು.

ಹೊರಡುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತ್ತು. ನಳಿನಿ ಬರಿಗಾಲಲ್ಲಿ ಗೇಟಿನ ಹೊರಗೆ ನಿಂತಿದ್ದಳು. ಮನೋರಮಾ ಬಸ್ಸಿನ ಕಡೆ ಹೆಜ್ಜೆ ಹಾಕುತ್ತ ತಿರುಗಿ, ಕೈಬೀಸಿ, ಆದಷ್ಟು ಬಿಡಿಸಿ ಹೇಳಿದಳು: "ಮಳೆ, ಮಗಳೇ, ಮಳೆ! ಹೋಗು!" ಮಗು ಕದಲದೆ ನಿಂತು ನೋಡಿತು. ಹನಿ ಬಿದ್ದರೂ ಒಳಗೆ ಹೋಗಲಿಲ್ಲ.

ಮುಂದಿನ ಭಾನುವಾರ ಗೇಟಿಗೆ ಯಾರೂ ಬರಲಿಲ್ಲ. ನಳಿನಿ ಬಾಗಿಲ ಮರೆಯಲ್ಲಿದ್ದಳು. ಕುಶಲಾ ಮನೋರಮಾಳನ್ನು ಒಳಗೆ ಕರೆದು, ಕಣ್ಣೊರೆಸಿಕೊಳ್ಳುತ್ತ ಹೇಳಿದಳು, "ಎಂತ ಹೇಳಿದ್ದು ಮನೋರಮಾ ನೀನು ಅವಳ ಹತ್ತಿರ? ವಾರವಿಡೀ ಅದೊಂದೇ. ಅಮ್ಮ ಮರೆ ಅಂದರು, ಮರೆ, ಹೋಗು ಅಂದರು ಅಂತ. ಎಂತದನ್ನು ಮರೆಯೋದು ಅತ್ತೆ, ಅಮ್ಮನನ್ನಾ ಅಂತ ಕೇಳ್ತಾಳೆ."

ಮಗಳಿಗೆ ಕೇಳಿಸಿದ್ದೇನೆಂದು ಮನೋರಮಾಳಿಗೆ ಹೊಳೆಯಿತು. ಮೞೆ, ಮರೆ. ಹಳಗನ್ನಡದವರಿಗೆ ಈ ಗೊಂದಲ ಕನಸಿನಲ್ಲೂ ಬರುತ್ತಿರಲಿಲ್ಲ. ಮರೆಯುವುದಕ್ಕೆ ಅವರಲ್ಲಿ ಆ ಗಡುಸು ಱ, ಸುರಿಯುವುದಕ್ಕೆ ೞ, ಮಗಳಿಗೆ ಳ. ಮೂರಕ್ಕೂ ಮೂರು ಜಾಗ. ಇದೇ ಮಗು ಒಂದು ಕಾಲದಲ್ಲಿ ಅಂಗಳದಲ್ಲಿ ಕುಣಿದು ಮೞೆ ಎಂದು ಕೂಗಿತ್ತು. ಆ ಕಿವಿಯನ್ನು ತಾನೇ ಕಳಿಸಿಕೊಟ್ಟು, ತಾನೇ ಮುಚ್ಚಿಸಿದ್ದಳು. ಈಗ ಆ ಕಿವಿಯಲ್ಲಿ ಳ ಇತ್ತು, ರ ಇತ್ತು, ಅಮ್ಮನಿಗೆ ಜಾಗವಿರಲಿಲ್ಲ.

ಅವಳು ಬಾಗಿಲ ಮರೆಗೆ ಹೋಗಿ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಮರೆ ಅಲ್ಲ, ಮಳೆ" ಎನ್ನಲು ಹೋದಳು. ಎರಡೂ ಒಂದೇ ಆಗಿ ಹೊರಟವು. ನಳಿನಿ ಹಿಂದಕ್ಕೆ ಸರಿದಳು.

ಚಾವಡಿಯಲ್ಲಿ ಕುಶಲಾಳ ಮಕ್ಕಳ ಸ್ಲೇಟು ಇತ್ತು. ಮನೋರಮಾ ಅದನ್ನು ಎಳೆದುಕೊಂಡು, ಬಳಪ ಒತ್ತಿ, ದೊಡ್ಡದಾಗಿ ಬರೆದು ಮಗಳ ಮುಂದೆ ಹಿಡಿದಳು.

ನಳಿನಿ ಆಗಷ್ಟೇ ಓದಲು ಕಲಿತಿದ್ದಳು. ಬೆರಳಿಟ್ಟು ಕೂಡಿಸಿದಳು. "ಮ... ಳೆ. ಮಳೆ." ನಾಲಿಗೆ ಮಡಚಿ ಅಂಗುಳಿಗೆ ತಾಗಿ, ಉಸಿರು ಎರಡೂ ಪಕ್ಕದಿಂದ ಹರಿದು ಬಂದ ಳಕಾರ, ಒಂದಿಷ್ಟೂ ಕುಂದಿಲ್ಲದ್ದು. ಅವಳು ತಲೆಯೆತ್ತಿ ಅಮ್ಮನನ್ನು ನೋಡಿದಳು. "ಮಳೆ ಬರ್ತದೆ, ಒಳಗೆ ಹೋಗು ಅಂದದ್ದಾ ನೀವು?"

ಮನೋರಮಾ ಹೌದೆಂದು ತಲೆಯಾಡಿಸಿದಳು, ಆಡಿಸುತ್ತಲೇ ಇದ್ದಳು. ಮಗು ಬಂದು ಅವಳ ಕೊರಳಿಗೆ ಕೈಹಾಕಿತು. ಸ್ವಲ್ಪ ಹೊತ್ತಿನ ಮೇಲೆ ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಮ್ಮನ ಮಡಿಲಲ್ಲಿಟ್ಟು, ತುಂಬ ಸಮಾಧಾನದಿಂದ ಹೇಳಿತು:

"ಇನ್ನು ಮೇಲೆ ನೀವು ಮಾತಾಡಬೇಡಿ ಅಮ್ಮ. ಬರೀರಿ. ನನಗೆ ಓದ್ಲಿಕ್ಕೆ ಬರ್ತದೆ."

ಆ ಮೇಲೆ ಮನೋರಮಾ ಮಗಳ ಹತ್ತಿರ ಬಾಯಿ ತೆರೆದು ಮಾತಾಡಿದ್ದಿಲ್ಲ. ನಳಿನಿ ಕಾರ್ಕಳದಲ್ಲೇ ಶಾಲೆ ಮುಂದುವರಿಸಿದಳು. ಭಾನುವಾರ ತಾಯಿ ಮಗಳು ಚಾವಡಿಯಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಒಬ್ಬಳು ಬರೆಯುವುದು, ಒಬ್ಬಳು ಗಟ್ಟಿಯಾಗಿ ಓದುವುದು. ಓದುವಾಗ ಕೆಲವು ಸಲ ಮನೋರಮಾ ಬರೆಯುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಗಳು ಅವಳ ಭುಜ ತಟ್ಟಿ, "ಮುಂದೆ ಬರೀರಿ ಅಮ್ಮ" ಎನ್ನುತ್ತಿದ್ದಳು.